‘ಕರೆ ಮಾಡಿ’ ಎಂದು ಮುಗಿಯುವ ಸಂದೇಶ

ನನ್ನ ಅಣ್ಣನಿಗೆ ಚಿಕ್ಕಂದಿನಿಂದ ಕಿವಿ ಕೇಳಿಸುವುದಿಲ್ಲ. ಒಂದು ದಿನ ಅವನ ಪಕ್ಕದಲ್ಲೇ ಕೂತಿದ್ದೆ. ಮೇಜಿನ ಮೇಲಿದ್ದ ಅವನ ಫೋನ್ ನಡುಗತೊಡಗಿತು. ಗೊತ್ತಿಲ್ಲದ ನಂಬರ್. ಅವನು ಪರದೆಯನ್ನೇ ನೋಡುತ್ತಾ ಕೂತ. ನಡುಗುವುದು ನಿಂತಿತು. ಎರಡು ನಿಮಿಷ ಬಿಟ್ಟು ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಮೂರನೇ ಸಲ ನಾನೇ ಎತ್ತಿದೆ. ಅವನು ತೋರಿಸಿಕೊಳ್ಳಬೇಕಿದ್ದ ಆಸ್ಪತ್ರೆಯಿಂದ ಬಂದ ಕರೆ. ಡಾಕ್ಟರ್ ಇರುವುದಿಲ್ಲ, ದಿನ ಬದಲಾಗಿದೆ ಎಂದು ಹೇಳಲು ಮಾಡಿದ್ದರು. ನಾನು ಅಲ್ಲಿ ಇರದಿದ್ದರೆ ಅವರ ಪುಸ್ತಕದಲ್ಲಿ ‘ಮೂರು ಸಲ ಕರೆ ಮಾಡಿದೆವು, ಉತ್ತರವಿಲ್ಲ’ ಎಂದು ಬರೆದಾಗಿರುತ್ತಿತ್ತು. ಅಣ್ಣ ಹಳೆಯ ದಿನಕ್ಕೇ ಹೋಗಿ ಬಾಗಿಲು ನೋಡಿಕೊಂಡು ಬರುತ್ತಿದ್ದ.

ಅವನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಅದೇ ಆಸ್ಪತ್ರೆಯ ಫೈಲಿನ ಮೊದಲ ಪುಟದಲ್ಲೇ ಇತ್ತು.

ಅದಾದ ಮೇಲೆ ಅಪಾಯಿಂಟ್‌ಮೆಂಟ್ ಸಂದೇಶಗಳನ್ನು ಬರೆದು ಕಳಿಸುವ ಕೆಲಸವನ್ನು ನಾನೇ ಕೆಲವು ಕಾಲ ಮಾಡಿದೆ. ಅಲ್ಲಿ ಕಂಡದ್ದು ಇಷ್ಟು. ಸಮಯ ನೆನಪಿಸುವ ಸಂದೇಶ ಅಷ್ಟೇನೂ ಕೆಡುವುದಿಲ್ಲ. ಸಮಯ ಬದಲಾದಾಗ ಹೋಗುವ ಸಂದೇಶವೇ ಕೆಡುವುದು. ನೆನಪಿಸುವುದಕ್ಕೆ ಉತ್ತರ ಬೇಕಿಲ್ಲ. ಬದಲಾವಣೆಗೆ ಉತ್ತರ ಬೇಕು, ಮತ್ತು ಉತ್ತರ ಕೊಡುವ ದಾರಿ ಬಹುತೇಕ ಕಡೆ ಫೋನ್ ಕರೆಯೊಂದೇ. ಹಾಗಾಗಿ ಈ ಲೇಖನದಲ್ಲಿ ಒಂದೇ ಒಂದು ಸಂದೇಶ ಹಿಡಿದುಕೊಳ್ಳುತ್ತೇನೆ. ಅದು ಸಮಯ ಬದಲಾಗಿದೆ ಎಂದು ಹೇಳುವ ಸಂದೇಶ.

ಸಾಮಾನ್ಯವಾಗಿ ಅದು ಹೀಗಿರುತ್ತದೆ:

‘ಆತ್ಮೀಯ ಗ್ರಾಹಕರೇ, ನಿಮ್ಮ ಭೇಟಿಯನ್ನು ಅನಿವಾರ್ಯ ಕಾರಣಗಳಿಂದ 04/05ಕ್ಕೆ 10.30-11ಕ್ಕೆ ಮುಂದೂಡಲಾಗಿದೆ. ವಿವರಗಳಿಗೆ ಕರೆ ಮಾಡಿ.’

ಕಣ್ಣು ಕಿವಿ ಎರಡೂ ಚೆನ್ನಾಗಿರುವವರಿಗೆ ಇದರಲ್ಲಿ ತೊಂದರೆ ಕಾಣುವುದಿಲ್ಲ. ಒಂದು ಸಲ ಕಣ್ಣಾಡಿಸುತ್ತಾರೆ, ದಿನಾಂಕ ಸಿಗುತ್ತದೆ, ಅನುಮಾನ ಬಂದರೆ ಕರೆ ಮಾಡುತ್ತಾರೆ. ಈಗ ಇದನ್ನು ಕೇಳಿಸಿಕೊಂಡು ನೋಡೋಣ.

ನನ್ನ ಗೆಳತಿಯೊಬ್ಬಳಿಗೆ ಕಣ್ಣು ಪೂರ್ತಿ ಮಂಜಾಗಿದೆ. ಫೋನಿನಲ್ಲಿ ಸ್ಕ್ರೀನ್ ರೀಡರ್ ಬಳಸುತ್ತಾಳೆ, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಆಂಡ್ರಾಯ್ಡ್ ಫೋನುಗಳಲ್ಲಿ ಅದಕ್ಕೆ ಟಾಕ್‌ಬ್ಯಾಕ್ ಅಂತ ಹೆಸರು, ಐಫೋನಿನಲ್ಲಿ ವಾಯ್ಸ್‌ಓವರ್. ಇಂಥ ಸಂದೇಶ ಬಂದಾಗ ಅವಳು ಮೊದಲು ಕೇಳಿಸಿಕೊಳ್ಳುವುದು ‘ಆತ್ಮೀಯ ಗ್ರಾಹಕರೇ’. ಆಮೇಲೆ ‘ಅನಿವಾರ್ಯ ಕಾರಣಗಳಿಂದ’. ಅಷ್ಟರಲ್ಲಿ ಇದು ಜಾಹೀರಾತೋ ಏನೋ ಎಂದುಕೊಂಡು ಮುಂದಿನದಕ್ಕೆ ಹೋಗಿಬಿಡುವುದೂ ಉಂಟು. ದಿನಕ್ಕೆ ಹತ್ತಾರು ಸಂದೇಶಗಳನ್ನು ಕಿವಿಯಲ್ಲಿ ಕೇಳುವವರು ಮೊದಲ ನಾಲ್ಕೈದು ಪದಗಳಲ್ಲೇ ತೀರ್ಮಾನ ಮಾಡುತ್ತಾರೆ. ನಾವು ಕಣ್ಣಲ್ಲಿ ಮಾಡುವುದೂ ಅದನ್ನೇ, ಅಲ್ವಾ. ಆದರೆ ನಮ್ಮ ಕಣ್ಣು ನೇರವಾಗಿ ಅಂಕಿಯ ಮೇಲೆ ಹೋಗಿ ಕೂರುತ್ತದೆ. ಕಿವಿಗೆ ಹಾಗೆ ಹಾರಿಹೋಗಲು ಬರುವುದಿಲ್ಲ, ಸಾಲಾಗಿಯೇ ಕೇಳಬೇಕು.

ಇನ್ನು ಅಂಕಿಗಳು. ‘04/05’ ಎಂಬುದನ್ನು ಧ್ವನಿ ಹೇಗೆ ಓದುತ್ತದೆ ಎನ್ನುವುದು ಯಾವ ಧ್ವನಿ, ಯಾವ ಭಾಷೆಯ ಸೆಟ್ಟಿಂಗ್ ಎನ್ನುವುದರ ಮೇಲೆ ನಿಂತಿದೆ. ಒಂದು ಧ್ವನಿ ‘ಸೊನ್ನೆ ನಾಲ್ಕು ಸ್ಲ್ಯಾಶ್ ಸೊನ್ನೆ ಐದು’ ಎನ್ನಬಹುದು. ಅಮೆರಿಕದ ಇಂಗ್ಲಿಷಿಗೆ ಹೊಂದಿಸಿದ ಧ್ವನಿ ಅದನ್ನೇ ಏಪ್ರಿಲ್ ಐದು ಎಂದುಕೊಳ್ಳಬಹುದು. ‘10.30’ ಎಂದು ನಡುವೆ ಚುಕ್ಕಿ ಇಟ್ಟರೆ ಹತ್ತು ಪಾಯಿಂಟ್ ಮೂವತ್ತು ಎಂಬ ಲೆಕ್ಕದ ಸಂಖ್ಯೆ ಆಗಬಹುದು. ‘10.30-11’ರ ನಡುವಿನ ಗೆರೆಯನ್ನು ಕೆಲವು ಧ್ವನಿಗಳು ಮೈನಸ್ ಎನ್ನುತ್ತವೆ, ಕೆಲವು ಓದದೆ ದಾಟುತ್ತವೆ. ದಾಟಿದರೆ ಉಳಿಯುವುದು ‘ಹತ್ತು ಮೂವತ್ತು ಹನ್ನೊಂದು’. ಅದು ಯಾವ ಸಮಯ?

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುವ ಅಭ್ಯಾಸವೂ ಇದೆ. ಓದುವವರಿಗೆ ಅದು ಹೇಗೋ ಆಗುತ್ತದೆ. ಆದರೆ ಅಕ್ಷರ ಇಂಗ್ಲಿಷ್ ಆದ್ದರಿಂದ ಇಂಗ್ಲಿಷ್ ಧ್ವನಿಯೇ ಅದನ್ನು ಓದುತ್ತದೆ, ಇಂಗ್ಲಿಷ್ ಉಚ್ಚಾರಣೆಯಲ್ಲೇ. ಕೇಳಿಸಿಕೊಂಡರೆ ಒಂದು ಪದವೂ ಹತ್ತುವುದಿಲ್ಲ. ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಫೋನಿನಲ್ಲಿ ಕನ್ನಡ ಧ್ವನಿಯನ್ನೇ ಹಾಕಿಕೊಳ್ಳದವರಿಗೆ ಕನ್ನಡ ಲಿಪಿಯ ಸಂದೇಶ ಬಂದರೆ ಧ್ವನಿ ಅಂಕಿಗಳನ್ನಷ್ಟೇ ಓದಿ ಉಳಿದದ್ದನ್ನು ಬಿಡುವ ಸಂಭವವಿದೆ. ಆದ್ದರಿಂದ ಹೆಸರು ನೋಂದಾಯಿಸುವಾಗಲೇ ‘ಸಂದೇಶ ಯಾವ ಭಾಷೆಯಲ್ಲಿ ಬೇಕು’ ಎಂದು ಕೇಳಬೇಕು. ಮಾತಾಡುವ ಭಾಷೆ ಕನ್ನಡವಾಗಿದ್ದು ಫೋನ್ ಓದುವ ಭಾಷೆ ಇಂಗ್ಲಿಷ್ ಆಗಿರುವವರು ಇದ್ದಾರೆ.

ಕಣ್ಣು ಕಿವಿ ಎರಡೂ ಇಲ್ಲದವರಲ್ಲಿ ಕೆಲವರು ಬ್ರೈಲ್ ಡಿಸ್‌ಪ್ಲೇ ಇಟ್ಟುಕೊಂಡಿರುತ್ತಾರೆ. ಅದು ಫೋನಿಗೆ ಜೋಡಿಸುವ ಒಂದು ಪಟ್ಟಿ. ಅದರ ಮೇಲೆ ಸಣ್ಣ ಚುಕ್ಕಿಗಳು ಏಳುತ್ತಾ ಇಳಿಯುತ್ತಾ ಅಕ್ಷರಗಳಾಗುತ್ತವೆ, ಬೆರಳಲ್ಲಿ ಓದಬೇಕು. ಕೈಯಲ್ಲಿ ಹಿಡಿದು ಓಡಾಡುವಂಥವುಗಳಲ್ಲಿ ಒಂದು ಸಲಕ್ಕೆ 14 ಅಥವಾ 20 ಬ್ರೈಲ್ ಅಕ್ಷರ ಇರುತ್ತವೆ, ದೊಡ್ಡವುಗಳಲ್ಲಿ 40. ಮೇಲಿನ ಸಂದೇಶದಲ್ಲಿ ದಿನಾಂಕ ಬೆರಳಿಗೆ ಸಿಗಬೇಕಾದರೆ ಸಣ್ಣ ಡಿಸ್‌ಪ್ಲೇಯಲ್ಲಿ ಎರಡು ಮೂರು ಸಲ ಮುಂದಕ್ಕೆ ಒತ್ತಬೇಕು. ಅಲ್ಲಿಯ ತನಕ ಓದಿದ್ದೆಲ್ಲ ಬರೀ ಉಪಚಾರ.

ಎಸ್ಸೆಮ್ಮೆಸ್ಸಿನ ಒಳಗಿನ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಕನ್ನಡದಲ್ಲಿ ಬರೆಯುವವರಿಗೆ ಇದು ನೇರವಾಗಿ ತಟ್ಟುತ್ತದೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಗಳಾದರೆ ಅದರಲ್ಲಿ 160 ಹಿಡಿಸುತ್ತವೆ. ಕನ್ನಡವಾದರೆ 70 ಮಾತ್ರ. ಅದಕ್ಕಿಂತ ಉದ್ದವಾದರೆ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಮತ್ತೆ ಜೋಡಿಸುವ ಗುರುತಿಗೂ ಜಾಗ ಬೇಕಾದ್ದರಿಂದ ಒಂದೊಂದು ತುಂಡಿಗೆ ಉಳಿಯುವುದು 67. ಈ ಎಣಿಕೆಯಲ್ಲಿ ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ. ‘ಮ್ಮ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಫೋನಿಗೆ ಮೂರು: ಮ, ಅರ್ಧಾಕ್ಷರದ ಗುರುತು, ಇನ್ನೊಂದು ಮ.

ಹೀಗೆ ಎಣಿಸಿದರೆ ಮೇಲಿನ ಸಂದೇಶ 108 ಆಗುತ್ತದೆ, ಎರಡು ತುಂಡು. ದಿನಾಂಕ ಶುರುವಾಗುವುದು 53ನೆಯ ಜಾಗದಲ್ಲಿ. ಮೊದಲ ತುಂಡು ‘10.30’ಕ್ಕೆ ಬಂದು ಕಡಿಯುತ್ತದೆ. ಸಾಮಾನ್ಯವಾಗಿ ಫೋನ್ ತುಂಡುಗಳನ್ನು ಜೋಡಿಸಿಯೇ ತೋರಿಸುತ್ತದೆ. ಸಿಗ್ನಲ್ ಸರಿ ಇಲ್ಲದಿದ್ದರೆ ಒಂದು ತುಂಡು ತಡವಾಗಿ ಬರುವುದುಂಟು. ಇನ್ನೊಂದು ವಿಷಯ: ಕಣ್ಣು ಸ್ವಲ್ಪ ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಅಕ್ಷರ ದೊಡ್ಡದಾದಷ್ಟೂ ನೋಟಿಫಿಕೇಶನ್‌ನಲ್ಲಿ ಕಾಣುವುದು ಕಮ್ಮಿ. ಅವರ ಪರದೆಯಲ್ಲಿ ಈ ಸಂದೇಶ ‘ಆತ್ಮೀಯ ಗ್ರಾಹಕರೇ, ನಿಮ್ಮ ಭೇಟಿ…’ ಎಂದು ನಿಂತುಬಿಡುತ್ತದೆ.

ಅಣ್ಣನಿಗೆ ಇದೇ ಸಂದೇಶ ಬಂದರೆ? ಅವನಿಗೆ ಓದಲು ಬರುತ್ತದೆ, ಕಣ್ಣು ಚೆನ್ನಾಗಿದೆ. ಆದರೂ ‘ಮುಂದೂಡಲಾಗಿದೆ’ ಎಂಬಲ್ಲಿ ನಿಲ್ಲುತ್ತಾನೆ. ಹುಟ್ಟಿನಿಂದ ಕಿವಿ ಕೇಳಿಸದ ಬಹಳ ಜನರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ. ಬರೆದ ಭಾಷೆ ಅವರಿಗೆ ಎರಡನೆಯದು. ಅದನ್ನು ಕಿವಿಯಿಂದ ಕೇಳಿ ಕಲಿತವರಲ್ಲ, ಕಣ್ಣಿನಿಂದ ಕಲಿತವರು. ಸನ್ನೆ ಭಾಷೆಗೆ ಅದರದೇ ವ್ಯಾಕರಣ ಇದೆ, ಪದಗಳ ಸಾಲು ಬೇರೆ. ಹಾಗಾಗಿ ‘ಲಾಗಿದೆ, ಲಾಗುವುದು’ ಎಂಬ ಸುತ್ತು ಬಳಸಿನ ವಾಕ್ಯಗಳು ಅವರಿಗೆ ಜಾಸ್ತಿ ತೊಡಕು. ಸುಮ್ನೆ ‘ಹಳೆಯ ದಿನ ಇದು, ಅದು ರದ್ದು. ಹೊಸ ದಿನ ಇದು’ ಎಂದರೆ ಮುಗಿಯಿತು. ‘ಮುಂದಕ್ಕೆ ಹಾಕಿದೆ’ ಎಂಬ ಮಾತು ಕಿವಿ ಕೇಳಿಸುವವರಿಗೂ ಗೊಂದಲವೇ. ತಡವಾಗುವುದೋ ಬೇಗ ಆಗುವುದೋ ಎಂದು ಒಮ್ಮೆ ಯೋಚಿಸಬೇಕಾಗುತ್ತದೆ.

ಈಗ ಆ ಸಂದೇಶದ ಕೊನೆಯ ಎರಡು ಪದಗಳು: ಕರೆ ಮಾಡಿ. ನನ್ನ ದೃಷ್ಟಿಯಲ್ಲಿ ಉಳಿದ ಎಲ್ಲ ತಪ್ಪಿಗಿಂತ ಇದು ದೊಡ್ಡದು. ದಿನಾಂಕವನ್ನು ಹೇಗೋ ಅರ್ಥ ಮಾಡಿಕೊಂಡರೂ ಆ ದಿನ ಆಗುವುದಿಲ್ಲ ಎಂದು ಹೇಳಲು ಅಣ್ಣನಿಗೆ ದಾರಿಯೇ ಇಲ್ಲ. ಬಂದ ಸಂದೇಶಕ್ಕೇ ಉತ್ತರ ಕಳಿಸಲು ನೋಡುತ್ತಾನೆ. ಕಳಿಸಿದವರ ಜಾಗದಲ್ಲಿ ನಂಬರ್ ಬದಲು ಅಕ್ಷರಗಳ ಹೆಸರಿದ್ದರೆ ಅದಕ್ಕೆ ಉತ್ತರ ಹೋಗುವುದೇ ಇಲ್ಲ. ನಂಬರ್ ಇದ್ದರೂ ಆ ಕಡೆ ಓದುವವರು ಇಲ್ಲದಿದ್ದರೆ ಉತ್ತರ ಎಲ್ಲೋ ಬಿದ್ದಿರುತ್ತದೆ. ಕಳಿಸಿದವನಿಗೆ ಅದು ಗೊತ್ತಾಗುವುದಿಲ್ಲ. ಅವನು ‘ಹೇಳಿದೆನಲ್ಲ’ ಎಂದುಕೊಂಡಿರುತ್ತಾನೆ, ಆಸ್ಪತ್ರೆಯವರು ‘ಬರುತ್ತಾನೆ’ ಎಂದುಕೊಂಡಿರುತ್ತಾರೆ.

ಕೆಲವು ದೇಶಗಳಲ್ಲಿ ರಿಲೇ ಸೇವೆ ಇದೆ. ಕಿವಿ ಕೇಳಿಸದವರು ಟೈಪ್ ಮಾಡಿದ್ದನ್ನು ನಡುವೆ ಒಬ್ಬರು ಓದಿ ಹೇಳುತ್ತಾರೆ, ಆ ಕಡೆಯವರು ಹೇಳಿದ್ದನ್ನು ಟೈಪ್ ಮಾಡಿ ಕೊಡುತ್ತಾರೆ. ಅಮೆರಿಕದಲ್ಲಿ 711 ಒತ್ತಿದರೆ ಸಿಗುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಇದರ ಪರಿಚಯ ಇಲ್ಲದ ಕೌಂಟರ್ ಸಿಬ್ಬಂದಿ ಯಾರೋ ಏನೋ ಮಾರಲು ಕರೆ ಮಾಡಿದ್ದಾರೆ ಎಂದುಕೊಂಡು ಫೋನ್ ಇಟ್ಟುಬಿಡುತ್ತಾರೆ. ಒಂದು ಅಂಕಿಯಲ್ಲಿ ಮುಗಿಯುವ ಉತ್ತರಕ್ಕೆ ಇಷ್ಟೆಲ್ಲ ಸುತ್ತು ಯಾಕೆ?

ಅದೇ ಸಂದೇಶವನ್ನು ಹೀಗೆ ಬರೆದರೆ:

‘ಕಣ್ಣಿನ ಕ್ಲಿನಿಕ್: ಸಮಯ ಬದಲಾಗಿದೆ. ಹೊಸ ಸಮಯ ಸೋಮವಾರ ಮೇ 4, ಬೆಳಗ್ಗೆ 10:30. ಶುಕ್ರವಾರ ಮೇ 1ರ ಸಮಯ ರದ್ದು. ಬರುವುದಾದರೆ 1, ಬೇರೆ ಸಮಯ ಬೇಕಾದರೆ 2 ಎಂದು ಇಲ್ಲೇ ಉತ್ತರಿಸಿ. ಕರೆ ಮಾಡಬೇಕಿಲ್ಲ.’

ಎಣಿಸಿದರೆ 162, ಮೂರು ತುಂಡು. ಮೊದಲಿನದಕ್ಕಿಂತ ಒಂದು ತುಂಡು ಜಾಸ್ತಿ, ಕಳಿಸುವ ಖರ್ಚೂ ಅಷ್ಟು ಜಾಸ್ತಿ. ಆದರೆ ಯಾರು, ಏನಾಯಿತು, ಹೊಸ ಸಮಯ ಯಾವುದು ಎಂಬ ಮೂರೂ 66ನೆಯ ಜಾಗಕ್ಕೆ ಮುಗಿಯುತ್ತವೆ. ಮೊದಲ ತುಂಡಿನ ಮಿತಿ 67. ಮಿಕ್ಕ ಎರಡು ತುಂಡು ತಡವಾದರೂ, ಬಂದ ತುಂಡನ್ನು ಆಗಲೇ ತೋರಿಸುವ ಫೋನಿನಲ್ಲಿ ಮುಖ್ಯವಾದದ್ದು ತಲುಪಿರುತ್ತದೆ.

ವಾರದ ಹೆಸರು ಯಾಕೆ ಎಂದು ಕೇಳಬಹುದು. ಅದು ದಿನಾಂಕಕ್ಕೆ ಸಾಕ್ಷಿ ಇದ್ದಂತೆ. ಕಿವಿಯಲ್ಲಿ ಕೇಳುವಾಗ ಒಂದು ಅಂಕಿ ತಪ್ಪಿಹೋದರೂ ಸೋಮವಾರ ಎಂಬುದು ಉಳಿಯುತ್ತದೆ. ಬರೆಯುವವರೇ ದಿನಾಂಕ ತಪ್ಪಿಸಿದ್ದರೂ ವಾರಕ್ಕೂ ತಾರೀಖಿಗೂ ತಾಳೆಯಾಗದೆ ಸಿಕ್ಕಿಬೀಳುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಬೇಕು. ಗಂಟೆ ನಿಮಿಷದ ನಡುವೆ ಎರಡು ಚುಕ್ಕಿ ಇರಬೇಕು, ಮುಂದೆ ‘ಬೆಳಗ್ಗೆ’ ಇರಬೇಕು. ‘ನಾಳೆ’ ಎಂದು ಬರೆಯಲೇಬಾರದು. ಸಂದೇಶ ರಾತ್ರಿ ಬಂದು ಮರುದಿನ ಓದಿದರೆ ನಾಳೆ ಎನ್ನುವುದು ಇನ್ನೊಂದು ದಿನವೇ ಆಗುತ್ತದೆ.

ಹಳೆಯ ಸಮಯ ರದ್ದು ಎಂಬ ವಾಕ್ಯವನ್ನು ಉಳಿಸಲು ನಾನು ಹಲವು ಸಲ ವಾದ ಮಾಡಬೇಕಾಯಿತು. ಹೊಸದು ಹೇಳಿದ ಮೇಲೆ ಹಳೆಯದು ಯಾಕೆ, ಜಾಗ ದಂಡ ಅಂತ. ಫೋನಿನಲ್ಲಿ ಹಿಂದಿನ ಸಂದೇಶವೂ ಇರುತ್ತದಲ್ಲ, ಅದಕ್ಕೇ ಬೇಕು. ಕಣ್ಣಿರುವವರು ಎರಡನ್ನೂ ಒಟ್ಟಿಗೆ ನೋಡಿ ಯಾವುದು ಕೆಳಗಿದೆಯೋ ಅದು ಹೊಸದು ಎಂದು ತಿಳಿಯುತ್ತಾರೆ. ಒಂದೊಂದಾಗಿ ಕೇಳಿಸಿಕೊಳ್ಳುವವರಿಗೆ ಎರಡು ದಿನಾಂಕ ಸಿಗುತ್ತವೆ. ಎರಡು ಬೇರೆ ಬೇರೆ ಭೇಟಿ ಇರಬಹುದು ಎಂದೂ ಅನ್ನಿಸಬಹುದು.

‘ಕಣ್ಣಿನ ಕ್ಲಿನಿಕ್’ ಎಂದು ಬರೆದದ್ದರ ಬಗ್ಗೆಯೂ ಒಂದು ಮಾತು. ಸ್ಕ್ರೀನ್ ರೀಡರ್ ಜೋರಾಗಿ ಓದುತ್ತದೆ. ಬಸ್ಸಿನಲ್ಲಿ ಕೂತಿದ್ದಾಗ ನೋಟಿಫಿಕೇಶನ್ ಬಂದರೆ ಪಕ್ಕದವರಿಗೂ ಕೇಳಿಸಬಹುದು. ಆದ್ದರಿಂದ ಕಾಯಿಲೆಯ ಹೆಸರು, ಪರೀಕ್ಷೆಯ ಹೆಸರು ಸಂದೇಶದಲ್ಲಿ ಬೇಡ. ಕೆಲವು ವಿಭಾಗಗಳ ಹೆಸರೇ ಕಾಯಿಲೆ ಹೇಳಿಬಿಡುತ್ತದೆ. ಅಂಥ ಕಡೆ ಕ್ಲಿನಿಕ್ಕಿನ ಹೆಸರು ಯಾವ ರೀತಿ ಬರಬೇಕು ಎಂದು ಆ ವ್ಯಕ್ತಿಯನ್ನೇ ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಉತ್ತರದ ಕಡೆ ಬರೋಣ. ಕೆಲಸ ಇರುವುದು ಇಲ್ಲೇ. ‘1 ಒತ್ತಿ, 2 ಒತ್ತಿ’ ಎಂದು ಬರೆದುಬಿಟ್ಟರೆ ಆಗಲಿಲ್ಲ. ಜನ ಏನು ಕಳಿಸುತ್ತಾರೆ ಎಂದು ನೋಡಿದರೆ ಗೊತ್ತಾಗುತ್ತದೆ. ‘1’ ಬರುತ್ತದೆ. ‘1.’ ಎಂದು ಚುಕ್ಕಿ ಸೇರಿಸಿ ಬರುತ್ತದೆ. ಕನ್ನಡ ಕೀಲಿಮಣೆಯಿಂದ ‘೧’ ಬರುತ್ತದೆ. ಧ್ವನಿಯಿಂದ ಬರೆಸುವವರಿಂದ ‘ಒಂದು’ ಬರುತ್ತದೆ. ‘ಸರಿ’, ‘ಬರ್ತೀನಿ’, ‘ಆಗಲ್ಲ, ಊರಲ್ಲಿಲ್ಲ’ ಎಲ್ಲ ಬರುತ್ತವೆ. ಅಂಕಿ ಒಂದನ್ನೇ ಗುರುತಿಸುವ ಯಂತ್ರ ‘೧’ ಬಂದರೆ ‘ತಪ್ಪು ಉತ್ತರ’ ಎಂದು ವಾಪಸ್ ಕಳಿಸುತ್ತದೆ. ಸರಿಯಾಗಿ ಉತ್ತರಿಸಿದವನಿಗೆ ತಪ್ಪು ಮಾಡಿದೆ ಎಂದು ಹೇಳಿದಂತೆ. ಮೊದಲ ಕೆಲವನ್ನು ಯಂತ್ರಕ್ಕೆ ಕಲಿಸಬಹುದು. ಉಳಿದದ್ದನ್ನು ಒಬ್ಬ ಮನುಷ್ಯ ಅದೇ ದಿನ ಓದಬೇಕು. ಕೌಂಟರಿನಲ್ಲಿ ಫೋನ್ ಎತ್ತಲು ಒಬ್ಬರು ಇರುತ್ತಾರಲ್ಲ, ಅವರ ಕೆಲಸದಲ್ಲಿ ಇದೂ ಒಂದು ಎಂದು ಹಂಚಿದರೆ ಸಾಕು.

ಯಾರಾದರೂ 2 ಎಂದು ಉತ್ತರಿಸಿದರು ಅನ್ನಿ. ಈಗ ‘ನಮ್ಮ ಸಿಬ್ಬಂದಿ ನಿಮಗೆ ಕರೆ ಮಾಡುತ್ತಾರೆ’ ಎಂದು ಹೋದರೆ ಮೊದಲಿನ ಜಾಗಕ್ಕೇ ಬಂದು ನಿಂತೆವು. ಇದು ನಾನು ಅತಿ ಹೆಚ್ಚು ಕಂಡ ತಪ್ಪು. ಮೊದಲ ಹೆಜ್ಜೆ ಬರಹದಲ್ಲಿ, ಎರಡನೆಯದು ಕರೆಯಲ್ಲಿ. ಎರಡನೆಯದೂ ಬರಹದಲ್ಲೇ ಇರಬೇಕು:

‘ಕಣ್ಣಿನ ಕ್ಲಿನಿಕ್: ಬೇರೆ ಸಮಯಗಳು. ಮಂಗಳವಾರ ಮೇ 5, ಬೆಳಗ್ಗೆ 11:00 ಬೇಕಾದರೆ 21. ಗುರುವಾರ ಮೇ 7, ಮಧ್ಯಾಹ್ನ 2:30 ಬೇಕಾದರೆ 22. ಶುಕ್ರವಾರ ಮೇ 8, ಬೆಳಗ್ಗೆ 9:30 ಬೇಕಾದರೆ 23. ಯಾವುದೂ ಆಗದಿದ್ದರೆ ಆಗುವ ದಿನ ಬರೆದು ಕಳಿಸಿ.’

21, 22 ಯಾಕೆ, 1, 2, 3 ಸಾಲದೇ? ಸಾಲದು. ಹಿಂದಿನ ಸಂದೇಶದಲ್ಲಿ 1 ಎಂದರೆ ‘ಬರುತ್ತೇನೆ’. ಆ 1 ತಡವಾಗಿ ಬಂದು ಸೇರಿದರೆ ಯಂತ್ರ ಅದನ್ನು ‘ಮೊದಲ ಸಮಯ ಬೇಕು’ ಎಂದು ತಿಳಿಯುತ್ತದೆ. 5, 7, 8 ಎಂದು ಇಟ್ಟರೆ ತಾರೀಖಿನ ಅಂಕಿಗೂ ಆಯ್ಕೆಯ ಅಂಕಿಗೂ ಬೆರಕೆ. ಹಲವು ಸಮಯಗಳಿರುವ ಇಂಥ ಪಟ್ಟಿಯಲ್ಲಿ ಆಯ್ಕೆಯ ಅಂಕಿ ಆ ಸಂದೇಶದ ಬೇರೆ ಯಾವ ಅಂಕಿಯನ್ನೂ ಹೋಲಬಾರದು, ಹಿಂದಿನ ಸಂದೇಶದ ಆಯ್ಕೆಗಳನ್ನೂ ಹೋಲಬಾರದು. ಸಮಯ ಮೊದಲು, ಅಂಕಿ ಆಮೇಲೆ ಇಟ್ಟಿರುವುದಕ್ಕೂ ಕಾರಣ ಇದೆ. ಕಿವಿಯಲ್ಲಿ ಕೇಳುವವರು ‘ಇದು ನನಗೆ ಆಗುತ್ತದೆ’ ಎಂದು ತೀರ್ಮಾನಿಸಿದ ಮೇಲೆ ಅಂಕಿ ಬಂದರೆ ನೆನಪಿಡುವುದು ಸುಲಭ. ಮೂರಕ್ಕಿಂತ ಹೆಚ್ಚು ಆಯ್ಕೆ ಕೊಟ್ಟರೆ ತಲೆಯಲ್ಲಿ ನಿಲ್ಲುವುದಿಲ್ಲ, ಮತ್ತೆ ಮೊದಲಿಂದ ಕೇಳಬೇಕಾಗುತ್ತದೆ.

22 ಎಂದು ಉತ್ತರ ಬಂದ ಕೂಡಲೇ ‘ಸರಿ. ಗುರುವಾರ ಮೇ 7, ಮಧ್ಯಾಹ್ನ 2:30. ಸೋಮವಾರ ಮೇ 4ರ ಸಮಯ ರದ್ದು’ ಎಂದು ವಾಪಸ್ ಹೋಗಬೇಕು. ಬರೀ ‘ಧನ್ಯವಾದ’ ಸಾಲದು. ಕರೆಯಲ್ಲಾದರೆ ‘ಹಾಗಾದರೆ ಗುರುವಾರ ಎರಡೂವರೆಗೆ, ಅಲ್ವಾ?’ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇವೆ. ಆ ಖಾತ್ರಿ ಇಲ್ಲಿ ಈ ಸಾಲಿನಲ್ಲಿದೆ.

ಎಸ್ಸೆಮ್ಮೆಸ್ ಬದಲು ಲಿಂಕ್ ಕಳಿಸಿ ‘ಇಲ್ಲಿ ಬದಲಾಯಿಸಿಕೊಳ್ಳಿ’ ಎನ್ನುವವರು ಈಗ ಜಾಸ್ತಿ. ಲಿಂಕ್ ಚೆನ್ನಾಗಿದ್ದರೆ ತಪ್ಪೇನಿಲ್ಲ. ನಾನು ನೋಡಿದ ಬಹಳಷ್ಟು ಪುಟಗಳಲ್ಲಿ ಕ್ಯಾಲೆಂಡರ್ ಚೌಕಗಳ ಮೇಲೆ ಬೆರಳಿಟ್ಟು ದಿನ ಆರಿಸಬೇಕಿತ್ತು. ಸ್ಕ್ರೀನ್ ರೀಡರ್ ಅಲ್ಲಿ ‘7, ಬಟನ್’ ಎಂದಷ್ಟೇ ಹೇಳುತ್ತದೆ. ಯಾವ ತಿಂಗಳ 7, ಖಾಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಯಾಕೆಂದರೆ ಖಾಲಿ ಇದ್ದರೆ ಹಸಿರು, ಇಲ್ಲದಿದ್ದರೆ ಬೂದು ಎಂದು ಬಣ್ಣದಲ್ಲಿ ಮಾತ್ರ ಹೇಳಿದ್ದಾರೆ. ಖಾಲಿ ಇರುವ ಸಮಯಗಳ ಸಾದಾ ಪಟ್ಟಿ ಕೊಟ್ಟರೆ ಈ ತೊಂದರೆಯೇ ಇಲ್ಲ. ಕೊನೆಗೆ ಓಟಿಪಿ, ಅದಕ್ಕೆ ಕೆಲವೇ ನಿಮಿಷ ಸಮಯ. ಪುಟದಿಂದ ಸಂದೇಶಕ್ಕೆ, ಅಲ್ಲಿಂದ ಮತ್ತೆ ಪುಟಕ್ಕೆ ಕೇಳಿಸಿಕೊಳ್ಳುತ್ತಾ ಹೋಗುವಷ್ಟರಲ್ಲಿ ಮುಗಿದಿರುತ್ತದೆ. ವೆಬ್ ಪುಟಗಳ ಸುಗಮ ಬಳಕೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ WCAGಯಲ್ಲಿ ಸಮಯದ ಮಿತಿ ಇದ್ದರೆ ಅದನ್ನು ತೆಗೆಯುವ ಅಥವಾ ಹಿಗ್ಗಿಸುವ ದಾರಿ ಕೊಡಬೇಕು ಎಂಬುದು ಅತಿ ಕೆಳಗಿನ ಹಂತದಲ್ಲೇ ಇದೆ. ಬಣ್ಣವೊಂದರಿಂದಲೇ ಮಾಹಿತಿ ಹೇಳಬಾರದು ಎಂಬುದೂ ಅದೇ ಹಂತದಲ್ಲಿದೆ. ವಾಟ್ಸಾಪಿನಲ್ಲಿ ಚಿತ್ರ ಮಾಡಿ ಕಳಿಸುವ ವೇಳಾಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರ ಕಳಿಸುವುದಾದರೆ ಕೆಳಗೆ ಅದೇ ವಿಷಯವನ್ನು ಅಕ್ಷರದಲ್ಲಿ ಬರೆಯಲೇಬೇಕು.

ಇಮೇಲ್ ಬಳಸುವವರಿಗೆ ಕ್ಯಾಲೆಂಡರ್ ಫೈಲ್ ಜೊತೆಗಿಟ್ಟು ಕಳಿಸುವುದು ತುಂಬ ಉಪಯೋಗ. ಫೋನಿನ ಕ್ಯಾಲೆಂಡರೇ ಹೊತ್ತಿಗೆ ಸರಿಯಾಗಿ ನಡುಗಿ ನೆನಪಿಸುತ್ತದೆ, ಸ್ಕ್ರೀನ್ ರೀಡರ್ ಅದನ್ನು ಓದಿಯೂ ಹೇಳುತ್ತದೆ. ಆದರೆ ಬದಲಾವಣೆ ಕಳಿಸುವಾಗ ಅಲ್ಲಿಯೂ ಒಂದು ಕಡೆ ಎಡವುತ್ತಾರೆ. ಫೈಲಿನೊಳಗೆ ಪ್ರತಿ ಭೇಟಿಗೂ UID ಎಂಬ ಒಂದು ಗುರುತು, SEQUENCE ಎಂಬ ಬದಲಾವಣೆಯ ಎಣಿಕೆ ಇರುತ್ತವೆ:

```
UID:bheti-1842@example.org
SEQUENCE:1
DTSTART:20260504T103000
SUMMARY:ಕಣ್ಣಿನ ಕ್ಲಿನಿಕ್ ಭೇಟಿ
```

ಮೊದಲ ಸಲ ಕಳಿಸಿದಾಗ SEQUENCE ಸೊನ್ನೆ. ಬದಲಾವಣೆಯಲ್ಲಿ UID ಅದೇ ಇರಬೇಕು, SEQUENCE ಒಂದು ಹೆಚ್ಚಬೇಕು. ಆಗ ಕ್ಯಾಲೆಂಡರಿಗೆ ಇದು ಅದೇ ಭೇಟಿಯ ಹೊಸ ರೂಪ ಎಂದು ತಿಳಿಯುತ್ತದೆ. ಪ್ರತಿ ಸಲ ಹೊಸ UID ಹಾಕಿದರೆ ಮೇ 1 ಮತ್ತು ಮೇ 4 ಎರಡೂ ಕ್ಯಾಲೆಂಡರಿನಲ್ಲಿ ಕೂರುತ್ತವೆ, ಎರಡೂ ದಿನ ನೆನಪಿಸುತ್ತವೆ. ಇದನ್ನು ಕಂಡುಹಿಡಿಯುವುದು ಸುಲಭ. ನಿಮಗೆ ನೀವೇ ಒಂದು ಭೇಟಿ ಕಳಿಸಿಕೊಂಡು, ಒಮ್ಮೆ ಬದಲಾಯಿಸಿ, ಕ್ಯಾಲೆಂಡರ್ ತೆರೆದು ನೋಡಿ.

ಉತ್ತರವೇ ಬರದಿದ್ದರೆ ಏನು ಮಾಡಬೇಕು? ಎಲ್ಲ ಕಡೆ ಅಭ್ಯಾಸ ಒಂದೇ: ಕರೆ ಮಾಡಿ ನೋಡುವುದು, ಎತ್ತದಿದ್ದರೆ ರದ್ದು ಮಾಡುವುದು. ಕರೆ ತೆಗೆದುಕೊಳ್ಳಲಾಗದವರ ವಿಷಯದಲ್ಲಿ ಇದು ಅನ್ಯಾಯ. ಮೌನಕ್ಕೆ ‘ಬರುವುದಿಲ್ಲ’ ಎಂಬ ಅರ್ಥ ಹಚ್ಚಬಾರದು. ನಾವು ಇಟ್ಟುಕೊಂಡಿದ್ದ ಕ್ರಮ ಹೀಗಿತ್ತು. ಮಾರನೆಯ ದಿನ ಅದೇ ಸಂದೇಶ ಇನ್ನೊಮ್ಮೆ. ಅದಕ್ಕೂ ಉತ್ತರ ಬರದಿದ್ದರೆ ಬೇರೆ ದಾರಿ, ಅಂದರೆ ಇಮೇಲ್ ಅಥವಾ ವಾಟ್ಸಾಪ್. ಆಮೇಲೆ ಅವರೇ ಮೊದಲೇ ಒಪ್ಪಿ ಹೆಸರು ಕೊಟ್ಟಿದ್ದ ಮನೆಯವರಿಗೆ ತಿಳಿಸುವುದು. ಒಪ್ಪಿಗೆ ಇಲ್ಲದೆ ಮನೆಯವರಿಗೆ ಹೇಳಬಾರದು. ಕಿವಿ ಕೇಳಿಸದಿದ್ದ ಮಾತ್ರಕ್ಕೆ ದೊಡ್ಡವರ ಆರೋಗ್ಯದ ವಿಷಯ ತಮ್ಮನಿಗೋ ಮಗಳಿಗೋ ಹೋಗಬೇಕೆಂದಿಲ್ಲ. ಅಣ್ಣನ ಕರೆಯನ್ನು ನಾನು ಎತ್ತಿದ ಆ ದಿನ ಆಸ್ಪತ್ರೆಯವರು ನಾನು ಯಾರೆಂದು ಕೇಳದೆಯೇ ಎಲ್ಲ ಹೇಳಿದ್ದರು. ಅಣ್ಣನಿಗೆ ಬೇಜಾರಾದದ್ದು ದಿನ ಬದಲಾದದ್ದಕ್ಕಲ್ಲ, ಇದಕ್ಕೆ.

ಇದೆಲ್ಲ ನಡೆಯಬೇಕಾದರೆ ‘ಕರೆ ಬೇಡ, ಬರಹ ಮಾತ್ರ’ ಎಂಬ ಗುರುತು ಕೌಂಟರಿನವರ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ಫೈಲಿನಲ್ಲಿ ಎಲ್ಲೋ ಬರೆದಿದ್ದರೆ ಪ್ರಯೋಜನವಿಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಗಳೆಲ್ಲ 2016ರಿಂದ ಇದಕ್ಕೆಂದೇ ಒಂದು ಮಾನದಂಡ ಪಾಲಿಸಬೇಕಿದೆ. ಅದರ ಹೆಸರು ಆಕ್ಸೆಸಿಬಲ್ ಇನ್ಫರ್ಮೇಶನ್ ಸ್ಟ್ಯಾಂಡರ್ಡ್. ಶುರುವಿನಲ್ಲಿ ಅದು ಹೇಳಿದ್ದು ಐದು ಹೆಜ್ಜೆ: ಕೇಳಿ ತಿಳಿಯುವುದು, ಬರೆದಿಡುವುದು, ಎದ್ದು ಕಾಣುವಂತೆ ಗುರುತು ಹಾಕುವುದು, ಬೇರೆ ವಿಭಾಗಕ್ಕೆ ಕಳಿಸುವಾಗ ಆ ಮಾಹಿತಿಯನ್ನೂ ಕಳಿಸುವುದು, ಮತ್ತು ಅದರಂತೆ ನಡೆಯುವುದು. ನನ್ನ ಅನುಭವದಲ್ಲಿ ಮೊದಲ ಎರಡು ಎಲ್ಲ ಕಡೆ ಆಗುತ್ತವೆ. ಎಡವುವುದು ಮೂರನೆಯದರಲ್ಲಿ. ಅಣ್ಣನ ಫೈಲಿನಲ್ಲಿ ಮೊದಲ ಪುಟದಲ್ಲೇ ಬರೆದಿತ್ತು ಎಂದೆನಲ್ಲ, ಕರೆ ಮಾಡಿದ ಹುಡುಗಿ ನೋಡುತ್ತಿದ್ದದ್ದು ಫೈಲನ್ನಲ್ಲ. ಅವಳ ಮುಂದೆ ಇದ್ದದ್ದು ಹೆಸರು, ನಂಬರ್ ಇರುವ ಒಂದು ಪಟ್ಟಿ ಅಷ್ಟೇ. ಆ ಪಟ್ಟಿಯಲ್ಲಿ ನಂಬರಿನ ಪಕ್ಕ ಈ ಗುರುತಿಗೆ ಒಂದು ಕಾಲಂ ಸೇರಿಸಿದ್ದರೆ ಅವಳು ಕರೆ ಮಾಡುತ್ತಿರಲಿಲ್ಲ.

ವ್ಯವಸ್ಥೆ ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಎರಡು ಪರೀಕ್ಷೆ ಸಾಕು. ಒಂದು, ಸ್ಕ್ರೀನ್ ರೀಡರ್ ಹಾಕಿ, ಪರದೆ ಕೆಳಮುಖ ಮಾಡಿ, ನಿಮ್ಮದೇ ಸಂದೇಶವನ್ನು ಒಂದು ಸಲ ಮಾತ್ರ ಕೇಳಿ. ಆಮೇಲೆ ದಿನ, ಸಮಯ, ಏನು ಉತ್ತರಿಸಬೇಕು ಎಂಬುದನ್ನು ಕಾಗದದ ಮೇಲೆ ಬರೆಯಿರಿ. ಸಂದೇಶ ಬರೆದವರೇ ಇದನ್ನು ಮಾಡಬಾರದು, ಅವರಿಗೆ ಬಾಯಿಪಾಠ ಆಗಿರುತ್ತದೆ. ಎರಡು, ಕಳೆದ ತಿಂಗಳ ದಾಖಲೆ ತೆಗೆದು ‘ಕರೆ ಮಾಡಿದೆವು, ಉತ್ತರವಿಲ್ಲ’ ಎಂದು ಬರೆದಿರುವ ಹೆಸರುಗಳನ್ನು ‘ಕರೆ ಬೇಡ’ ಗುರುತಿನ ಹೆಸರುಗಳ ಜೊತೆ ತಾಳೆ ನೋಡಿ. ಎರಡೂ ಕಡೆ ಇರುವ ಹೆಸರು ಒಂದು ಸಿಕ್ಕರೂ, ಗುರುತು ಕೌಂಟರಿಗೆ ತಲುಪುತ್ತಿಲ್ಲ ಎಂದರ್ಥ.

ಸಮಯ ಬದಲಾಯಿಸುವಾಗ ಮರೆತೇಹೋಗುವ ಇನ್ನೊಂದಿದೆ. ಸನ್ನೆ ಭಾಷೆಯ ಅನುವಾದಕರನ್ನು ಹಳೆಯ ದಿನಕ್ಕೆ ಗೊತ್ತು ಮಾಡಿರುತ್ತಾರೆ. ಡಾಕ್ಟರ ದಿನ ಬದಲಾಗುತ್ತದೆ, ಅನುವಾದಕರ ದಿನ ಬದಲಾಗುವುದಿಲ್ಲ. ಹೊಸ ದಿನ ಅಣ್ಣನೂ ಡಾಕ್ಟರೂ ಎದುರುಬದುರು ಕೂತಿರುತ್ತಾರೆ, ನಡುವೆ ಮಾತು ದಾಟಿಸುವವರು ಇಲ್ಲ. ಆದ್ದರಿಂದ ಹೊಸ ಸಮಯಗಳನ್ನು ಕಳಿಸುವ ಮೊದಲೇ ಆ ಸಮಯಕ್ಕೆ ಅನುವಾದಕರು ಸಿಗುತ್ತಾರೆಯೇ ಎಂದು ನೋಡಿರಬೇಕು. ಖಾತ್ರಿಯ ಸಂದೇಶದಲ್ಲಿ ‘ಸನ್ನೆ ಭಾಷೆಯ ಅನುವಾದಕರು ಇರುತ್ತಾರೆ’ ಎಂದು ಒಂದು ಸಾಲು ಇದ್ದರೆ ಅಣ್ಣ ಅದನ್ನು ಕೇಳಲು ಇನ್ನೊಂದು ಸಲ ಅಲ್ಲಿಗೆ ಹೋಗಬೇಕಿಲ್ಲ.

ಹಿಂದಿನ ದಿನದ ನೆನಪಿನ ಸಂದೇಶದಲ್ಲಿ ನಾವು ಆಮೇಲೆ ಇನ್ನೂ ಎರಡು ಸಾಲು ಸೇರಿಸಿದೆವು: ‘ಬಂದಾಗ ಕೌಂಟರಿನಲ್ಲಿ ಈ ಸಂದೇಶ ತೋರಿಸಿ. ನಿಮ್ಮ ಹೆಸರು ಕೂಗುವುದಿಲ್ಲ, ಹತ್ತಿರ ಬಂದು ಕರೆಯುತ್ತೇವೆ.’ ಇದನ್ನು ಬರೆಯಲು ಹೇಳಿದ್ದು ಅಣ್ಣ. ಕಾಯುವಾಗ ಅವನು ಯಾವಾಗಲೂ ಬಾಗಿಲಿಗೆ ಎದುರಾದ ಕುರ್ಚಿ ಹುಡುಕುತ್ತಾನೆ, ನರ್ಸ್ ತುಟಿ ಆಡಿಸುವುದು ಕಾಣಲಿ ಎಂದು. ಬಾತ್‌ರೂಮಿಗೂ ಹೋಗುವುದಿಲ್ಲ. ಆ ಸಾಲು ಬಂದ ಮೇಲೆ ಮೊದಲ ಸಲ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರ್ ಓದಿದೆ ಎಂದು ನನಗೆ ಮೆಸೇಜ್ ಮಾಡಿದ್ದ.